ಮಳೆ ರಜೆಗೆ ಮನೆಯೊಳಗಿನ ಒಗಟುಗಳು

ತೀರ್ಥಹಳ್ಳಿ ಸುತ್ತಮುತ್ತಲಿನ ಮಕ್ಕಳೇ, ಜುಲೈ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದಾರೆ, ಅಲ್ವಾ? ಜಗುಲಿ ದಾಟುವಂತಿಲ್ಲ, ಕರೆಂಟೂ ಇಲ್ಲ. ಹಾಗಾಗಿ ಈ ಒಗಟುಗಳ ಉತ್ತರವೆಲ್ಲ ಮನೆಯೊಳಗೇ ಇದೆ. ದೊಡ್ಡವರೊಬ್ಬರು ಗಟ್ಟಿಯಾಗಿ, ತಾಳ ಹಾಕಿ ಓದಲಿ. ಉಳಿದವರು ಬಾಯಲ್ಲಿ ಹೇಳದೆ, ಎದ್ದು ಹೋಗಿ ಆ ವಸ್ತುವನ್ನು ಮುಟ್ಟಿ ಬನ್ನಿ. ಮೂರನೆಯದನ್ನು ಮಾತ್ರ ಯಾರೂ ಮುಟ್ಟಬಾರದು, ದೂರದಿಂದ ತೋರಿಸಿದರೆ ಸಾಕು.

1
ಗಡಿಗೆಯೊಳಗೆ ತಲೆಯ ಇಟ್ಟು
ಸೊಂಟಕೊಂದು ಹಗ್ಗ ತೊಟ್ಟು
ಅತ್ತ ಎಳೆದರಿತ್ತ ತಿರುಗಿ
ಇತ್ತ ಎಳೆದರತ್ತ ತಿರುಗಿ
ಕುಣಿದೆ ಕುಣಿದೆ, ಸುಸ್ತು ಇಲ್ಲ;
ಬಿಳಿಯ ಉಂಡೆ ನನಗೆ ಇಲ್ಲ!

ಆ ಬಿಳಿಯ ಉಂಡೆ ಯಾರ ಪಾಲಾಗುತ್ತದೆ ಅಂತ ರೊಟ್ಟಿ ತಿನ್ನುವಾಗ ನೆನಪಿಸಿಕೊಳ್ಳಿ.

2
ಹೊಟ್ಟೆ ದೊಡ್ಡದು, ಕತ್ತು ಗಿಡ್ಡದು,
ಕೆಳಗೆ ಕಾಡಿಗೆ, ಮೇಲೆ ಕೆಂಪು;
ಬೆಂಕಿ ಮೇಲೆಯೆ ಕೂತೆ ಬೆಳಗಿಗೆ,
ಹಬೆಯ ಬಿಟ್ಟೆನು, ಹೋಯ್ತು ತಂಪು.
ಮಳೆಗೆ ನೆಂದವರೆಲ್ಲ ಬನ್ನಿರಿ,
ಚೊಂಬು ಮುಳುಗಿಸಿ ಮಿಂದುಕೊಳ್ಳಿ.

ಕಾಡಿಗೆ ಅಂದರೆ ಕಣ್ಣಿನದಲ್ಲ, ಒಲೆಯದು. ಹುಣಸೆಹಣ್ಣು ಹಾಕಿ ತಿಕ್ಕಿದ ದಿನ ಇದರ ಮೇಲ್ಭಾಗ ಹೇಗೆ ಹೊಳೆಯುತ್ತದೆ ನೋಡಿ. ಹುಳಿ ತಾಗಿದರೆ ತಾಮ್ರದ ಕಿಲುಬು ಬಿಟ್ಟುಹೋಗುತ್ತದೆ.

3
ಹಲ್ಲು ಒಂದೆ, ಚೂಪು ಚೂಪು;
ಕೂತ ಜಾಗ ಬಿಡುವುದಿಲ್ಲ.
ಸೌತೆ, ಹಲಸು, ಬಾಳೆಕಾಯಿ
ನನ್ನ ಬಳಿಗೆ ಬರಲಿ ಎಲ್ಲ!

ಚಾಕುವಾದರೆ ತರಕಾರಿ ಹತ್ತಿರ ತಾನೇ ಹೋಗುತ್ತದೆ. ಇದು ಹಾಗಲ್ಲ. ಅಮ್ಮ ಒಂದು ಕಾಲಲ್ಲಿ ಮಣೆಯನ್ನು ಒತ್ತಿ ಹಿಡಿದಿರುತ್ತಾರೆ. ಎರಡೂ ಕೈಯಲ್ಲಿ ಹಿಡಿದ ಕಾಯಿಯೇ ಹಲ್ಲಿನತ್ತ ಬರುತ್ತದೆ. ನನಗೆ ಈ ಎಲ್ಲ ಒಗಟುಗಳಲ್ಲಿ ಇದೇ ಹೆಚ್ಚು ಇಷ್ಟ.

4
ಕುರಿಯ ಬೆನ್ನ ಮೇಲೆ ಇದ್ದೆ,
ಮಗ್ಗದಿಂದ ಇಳಿದು ಬಂದೆ.
ಮೂಲೆ ಮಡಚಿ ತಲೆಗೆ ಹಾಕಿ
ನೆಟ್ಟಿಗಿಳಿದ ನಮ್ಮ ಅಜ್ಜ.
ಆಗುಂಬೆಯ ಮಳೆಯೆ ಬರಲಿ,
ಬೆನ್ನು ಮಾತ್ರ ಬೆಚ್ಚ, ಬೆಚ್ಚ!

ಆಗುಂಬೆ ಹೆಸರು ಸುಮ್ನೆ ಹಾಕಿದ್ದಲ್ಲ. ಅಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದಷ್ಟೂ ನೀರು ಹರಿಯದೆ ನಿಂತರೆ ನಿಮ್ಮ ಮನೆಯ ಮಾಡೇ ಮುಳುಗೀತು. ಅಂಥ ಮಳೆಯಲ್ಲೂ ಬಗ್ಗಿ ಸಸಿ ನೆಡಬೇಕು, ಕೊಡೆ ಹಿಡಿದರೆ ಕೈ ಎಲ್ಲಿ ಉಳಿಯುತ್ತದೆ? ಅದಕ್ಕೇ ಇದು ಬೇಕು.

5
ಬಿಳಿಯ ಅಂಗಿ, ಕಂದು ಟೊಪ್ಪಿ,
ಬಾಯಿಗೊಂದು ಬಟ್ಟೆ ಕಟ್ಟು;
ಒದ್ದೆ ಕೈಯ ಹಾಕಬೇಡ,
ಅಜ್ಜಿಗೀಗ ಬಂತು ಸಿಟ್ಟು!
ಹೊಳೆಯ ದಡದ ಹಸಿರು ಮರಿಯ
ಕಾಯುತಿರುವೆ ಉಪ್ಪು ಕೊಟ್ಟು.

ಹೊಳೆ ಅಂದಮೇಲೆ ತುಂಗೆಯನ್ನೋ ಶರಾವತಿಯನ್ನೋ ನೆನೆದುಕೊಳ್ಳಿ. ಅಪ್ಪೆಮಿಡಿ ಮರಗಳು ಇಂಥ ಹೊಳೆ, ಹಳ್ಳಗಳ ಅಂಚಿನಲ್ಲೇ ಹೆಚ್ಚು. ಅಜ್ಜಿಯ ಸಿಟ್ಟಿಗೂ ಕಾರಣ ಇದೆ. ಕೈಯ ನೀರು ತಾಗಿದರೆ ಮೇಲೆ ಬೂಷ್ಟು ಬರುತ್ತದೆ, ವರ್ಷದ ಶ್ರಮ ಹಾಳು.

6
ಮರದ ತುದಿಯ ಮೇಲೆ ಹುಟ್ಟಿ
ನೀರು ಹೊತ್ತು ನಿಂತು ಇದ್ದೆ;
ಈಗ ಕೋಲ ಬಾಲ ಸಿಕ್ಕಿ
ಸಾರಿನೊಳಗೆ ಈಜಿ ಎದ್ದೆ.

7
ಅಕ್ಕನಲ್ಲಿ ಗುಂಡು ಮಗುವು
ಉರುಳಿ ಉರುಳಿ ಆಡಿತಲ್ಲ;
ತಂಗಿ ಹೊಟ್ಟೆ ತಳದಲಿರುವ
ಪುಟ್ಟ ಹಲ್ಲು ಬಿಡುವುದಿಲ್ಲ.
ಅಕ್ಕ ತಂಗಿ, ಕೆಲಸ ಒಂದೆ,
ಅಕ್ಕ ಮೆಲ್ಲ, ತಂಗಿ ಜೋರು;
ಕರೆಂಟ್ ಹೋದ ರಾತ್ರಿ ಮಾತ್ರ
ಅಕ್ಕ ಇರದೆ ಇಲ್ಲ ಸಾರು.

ಇದಕ್ಕೆ ಎರಡು ಉತ್ತರ ಹೇಳಬೇಕು. ಒಂದೇ ಹೇಳಿದವರಿಗೆ ಅರ್ಧ ಹಪ್ಪಳ.

8
ಒಳಗೆ ಅಲ್ಲ, ಹೊರಗೆ ಅಲ್ಲ,
ನಡುವೆ ಉದ್ದ ಮಲಗಿಕೊಂಡೆ;
ದಾಟಿ ಬರುವ, ಹೋಗುವವರ
ಕಾಲು ಮಾತ್ರ ನಾನು ಕಂಡೆ.

ಸಿಗದಿದ್ದರೆ ಒಂದು ಸುಳಿವು: ಹಬ್ಬದ ಬೆಳಿಗ್ಗೆ ಇದಕ್ಕೆ ಅರಿಸಿನ, ಕುಂಕುಮ ಹಚ್ಚುತ್ತಾರೆ. ಇದರ ಮೇಲೆ ಕೂತರೆ ಅಜ್ಜಿ ಎಬ್ಬಿಸುತ್ತಾರೆ.

ಉತ್ತರಗಳು ಓದುವವರಿಗೆ ಮಾತ್ರ. ಮಕ್ಕಳು ಮನೆಯೆಲ್ಲ ಸುತ್ತಿ ಬರುವವರೆಗೆ ಈ ಸಾಲನ್ನು ಕೈಯಿಂದ ಮುಚ್ಚಿಟ್ಟುಕೊಳ್ಳಿ. 1. ಕಡೆಗೋಲು. 2. ಬಚ್ಚಲು ಮನೆಯ ತಾಮ್ರದ ಹಂಡೆ. 3. ಮೆಟ್ಟುಗತ್ತಿ, ಈಳಿಗೆ ಮಣೆ ಅಂದರೂ ಸರಿ. 4. ಕಂಬಳಿ ಕೊಪ್ಪೆ. 5. ಉಪ್ಪಿನಕಾಯಿ ಭರಣಿ; ಜಾಡಿ ಅಂದವರಿಗೂ ಪೂರ್ತಿ ಅಂಕ. 6. ತೆಂಗಿನ ಗೆರಟೆಯ ಸೌಟು. 7. ಒರಳುಕಲ್ಲು ಮತ್ತು ಮಿಕ್ಸಿ. 8. ಹೊಸಿಲು.