ಅಪ್ಪನಿಗೆ, ಫ್ಲೂ ಲಸಿಕೆ ವಿಷಯ

ಅಪ್ಪಾ, ನಿನ್ನೆ ಫೋನಲ್ಲಿ "ಹೋದ ವರ್ಷ ತಾನೇ ಚುಚ್ಚಿಸ್ಕೊಂಡಿದ್ದೀನಿ, ಮತ್ತೆ ಯಾಕೆ" ಅಂದ್ರಲ್ಲ, ಅದಕ್ಕೇ ಇದನ್ನ ಬರೀತಿದ್ದೀನಿ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ.

ಫ್ಲೂ ವೈರಸ್ ವೇಷ ಬದಲಾಯಿಸ್ತಾನೇ ಇರುತ್ತೆ. ಈಗ ಯಾವ ತಳಿಗಳು ಓಡಾಡ್ತಿವೆ ಅಂತ ನೋಡಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ 2 ಸಲ ಲಸಿಕೆಯಲ್ಲಿ ಏನಿರಬೇಕು ಅಂತ ಹೇಳುತ್ತೆ. ಜೊತೆಗೆ ಹೋದ ವರ್ಷದ್ದರ ಶಕ್ತಿ ತಿಂಗಳುಗಳು ಕಳೆದ ಹಾಗೆ ಇಳಿದುಹೋಗಿರುತ್ತೆ.

ನನಗೆ ನಿಜವಾಗ್ಲೂ ಭಯ ಇರೋದು ಜ್ವರದ್ದಲ್ಲ, ನಿಮ್ಮ ಹಾರ್ಟಿಂದು. ಫ್ಲೂ ಬಂದ ಮೊದಲ ವಾರದಲ್ಲಿ ಹೃದಯಾಘಾತದ ಅಪಾಯ ಹಲವು ಪಟ್ಟು ಜಾಸ್ತಿ ಇರುತ್ತೆ. ಸ್ಟೆಂಟ್ ಹಾಕಿಸಿಕೊಂಡಿದ್ದೀರಿ, ಶುಗರ್ ಬೇರೆ ಇದೆ. ನ್ಯುಮೋನಿಯಾಗೆ ತಿರುಗೋದೂ 65 ದಾಟಿದವರಲ್ಲೇ ಹೆಚ್ಚು. ಲಸಿಕೆ ಹಾಕಿಸಿಕೊಂಡ್ರೂ ಫ್ಲೂ ಬರಬಹುದು, ಸುಳ್ಳು ಹೇಳಲ್ಲ. ಆದ್ರೆ ಆಸ್ಪತ್ರೆ ಸೇರೋ ಮಟ್ಟಕ್ಕೆ ಹೋಗೋದು ಕಡಿಮೆಯಾಗುತ್ತೆ.

"ಇಂಜೆಕ್ಷನ್ನಿಂದಲೇ ಜ್ವರ ಬರುತ್ತೆ" ಅನ್ನೋ ನಿಮ್ಮ ವಾಕಿಂಗ್ ಗೆಳೆಯರ ಮಾತು ಬಿಡಿ. ಈ ಇಂಜೆಕ್ಷನ್ನಲ್ಲಿ ಜೀವಂತ ವೈರಸ್ ಇರಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಅಷ್ಟೇ.

ರಕ್ಷಣೆ ಬರೋಕೆ ಸುಮಾರು 2 ವಾರ ಬೇಕು, ಹಾಗಾಗಿ ಮುಂದೂಡಬೇಡಿ. ಶನಿವಾರ 10 ಗಂಟೆಗೆ ಡಾಕ್ಟರ್ ಹತ್ರ ಸಮಯ ತಗೊಂಡಿದ್ದೀನಿ, ನಾನೇ ಕರ್ಕೊಂಡು ಹೋಗ್ತೀನಿ. ರಕ್ತ ತೆಳು ಮಾಡೋ ಮಾತ್ರೆಯ ಚೀಟಿ ಜೇಬಲ್ಲಿಟ್ಕೊಳ್ಳಿ, ತೋಳು ಸುಲಭವಾಗಿ ಮಡಚೋ ಶರ್ಟ್ ಹಾಕ್ಕೊಳ್ಳಿ. ಅಮ್ಮನಿಗೂ ಅವತ್ತೇ ಹಾಕಿಸೋಣ, ಅವರು ಆಗ್ಲೇ ಒಪ್ಪಿದ್ದಾರೆ.