ಅಭ್ಯಾಸ ಹಾಳೆ: ಜಿಡಿಪಿ ಒಂದೇ, ದಾರಿ ಎರಡು

ದ್ವಿತೀಯ ಪಿಯುಸಿ, ಅರ್ಥಶಾಸ್ತ್ರ

ಒಂದು ಕಲ್ಪಿತ ದೇಶದ ಒಂದು ವರ್ಷದ ಲೆಕ್ಕ ಕೆಳಗಿದೆ. ಎಲ್ಲವೂ ಕೋಟಿ ರೂಪಾಯಿಗಳಲ್ಲಿ.

| ವಿವರ | ಮೊತ್ತ |
|---|---|
| ಕುಟುಂಬಗಳ ಅನುಭೋಗ ವೆಚ್ಚ | 1,240 |
| ಕೂಲಿ ಮತ್ತು ಸಂಬಳ | 690 |
| ಹೊಸ ಕಟ್ಟಡ, ಯಂತ್ರಗಳ ಮೇಲಿನ ಹೂಡಿಕೆ | 460 |
| ವರ್ಷಾರಂಭದ ದಾಸ್ತಾನು | 90 |
| ವರ್ಷಾಂತ್ಯದ ದಾಸ್ತಾನು | 110 |
| ಮಿಶ್ರ ಆದಾಯ | 410 |
| ಸರ್ಕಾರದ ಅಂತಿಮ ಅನುಭೋಗ ವೆಚ್ಚ | 280 |
| ವೃದ್ಧಾಪ್ಯ ಪಿಂಚಣಿ | 60 |
| ರಫ್ತು | 310 |
| ಆಮದು | 350 |
| ಬಾಡಿಗೆ, ಗೇಣಿ | 130 |
| ಬಡ್ಡಿ | 170 |
| ಲಾಭ | 240 |
| ಸವಕಳಿ | 150 |
| ಪರೋಕ್ಷ ತೆರಿಗೆ | 210 |
| ಸಹಾಯಧನ | 40 |
| ಹಳೆ ಮನೆಗಳ ಮಾರಾಟ | 35 |

ಪ್ರಶ್ನೆ: ಮಾರುಕಟ್ಟೆ ಬೆಲೆಯಲ್ಲಿ ಜಿಡಿಪಿಯನ್ನು (ಅ) ವೆಚ್ಚ ವಿಧಾನದಿಂದ (ಆ) ಆದಾಯ ವಿಧಾನದಿಂದ ಕಂಡುಹಿಡಿಯಿರಿ.

ಮೊದಲು ನೀವೇ ಪ್ರಯತ್ನಿಸಿ. ಆಮೇಲೆ ಮುಂದೆ ಓದಿ.

ಬೇಡದ ಎರಡು ಸಾಲು

ವೃದ್ಧಾಪ್ಯ ಪಿಂಚಣಿ ವರ್ಗಾವಣೆ ಪಾವತಿ. ಅದಕ್ಕೆ ಬದಲಾಗಿ ಈ ವರ್ಷ ಯಾವ ಸರಕೂ ಸೇವೆಯೂ ತಯಾರಾಗಿಲ್ಲ. ಹಳೆ ಮನೆ ಕಟ್ಟಿದ ವರ್ಷದಲ್ಲೇ ಲೆಕ್ಕಕ್ಕೆ ಸೇರಿದೆ. ಈಗ ಬದಲಾಗಿದ್ದು ಮಾಲೀಕರು ಮಾತ್ರ. ಎರಡನ್ನೂ ಬಿಡಿ.

(ಅ) ವೆಚ್ಚ ವಿಧಾನ

ದಾಸ್ತಾನಿನ ಹೆಚ್ಚಳ: 110 − 90 = 20. ತಯಾರಾಗಿಯೂ ಮಾರಾಟವಾಗದ ಸರಕು ಈ ವರ್ಷದ ಉತ್ಪಾದನೆಯೇ. ಅದಕ್ಕೇ ಹೂಡಿಕೆಗೆ ಸೇರುತ್ತದೆ: 460 + 20 = 480. ಪೂರ್ತಿ 110 ಕೂಡಿಸಿಬಿಡುವುದು ಪರೀಕ್ಷೆಯಲ್ಲಿ ಸುಮಾರು ಜನ ಮಾಡುವ ತಪ್ಪು.

GDP = C + I + G + (X − M)

= 1,240 + 480 + 280 + (310 − 350) = 1,960 ಕೋಟಿ ರೂ.

(ಆ) ಆದಾಯ ವಿಧಾನ

ಇಲ್ಲಿ ಮಿಶ್ರ ಆದಾಯದ ಹತ್ತಿರ ಸ್ವಲ್ಪ ನಿಲ್ಲಿ. ಬಸ್ ಸ್ಟ್ಯಾಂಡ್ ಎದುರು ಗಂಡ-ಹೆಂಡತಿ ಸೇರಿ ನಡೆಸುವ ಇಡ್ಲಿ ಅಂಗಡಿ ನೆನಪಿಸಿಕೊಳ್ಳಿ. ಜಾಗ ಸ್ವಂತದ್ದು, ದುಡಿಮೆಯೂ ಸ್ವಂತದ್ದು. ಖರ್ಚೆಲ್ಲ ಕಳೆದು ಗಲ್ಲಾದಲ್ಲಿ ಉಳಿದ ದುಡ್ಡಿನಲ್ಲಿ ಅವರ ಕೂಲಿ ಎಷ್ಟು, ಜಾಗದ ಬಾಡಿಗೆ ಎಷ್ಟು, ಲಾಭ ಎಷ್ಟು? ಬಿಡಿಸಿ ಹೇಳುವುದು ಕಷ್ಟ, ಅಲ್ವಾ? ಹಾಗಾಗಿ ಒಟ್ಟಿಗೇ ಮಿಶ್ರ ಆದಾಯ ಎಂದು ಬರೆಯುತ್ತೇವೆ. ಸ್ವಂತ ಜಮೀನು ಉಳುವ ರೈತರು, ದರ್ಜಿಗಳು, ಸ್ವಂತ ಆಟೋ ಓಡಿಸುವವರು ಇರುವ ನಮ್ಮಂಥ ದೇಶದಲ್ಲಿ ಈ ಸಾಲು ಮರೆತರೆ ಕೋಟ್ಯಂತರ ಜನರ ದುಡಿಮೆಯನ್ನೇ ಮರೆತಂತೆ.

690 + 130 + 170 + 240 + 410 = 1,640

ಇದು ಸಾಧನ ವೆಚ್ಚದಲ್ಲಿ ನಿವ್ವಳ ದೇಶೀಯ ಉತ್ಪನ್ನ. ನಮಗೆ ಒಟ್ಟು ಬೇಕು, ಆದ್ದರಿಂದ ಸವಕಳಿ 150 ಕೂಡಿಸಿ. ಮಾರುಕಟ್ಟೆ ಬೆಲೆ ಬೇಕು, ಆದ್ದರಿಂದ ನಿವ್ವಳ ಪರೋಕ್ಷ ತೆರಿಗೆ 210 − 40 = 170 ಕೂಡಿಸಿ.

1,640 + 150 + 170 = 1,960 ಕೋಟಿ ರೂ.

ಒಬ್ಬರು ಕೊಟ್ಟ ದುಡ್ಡು ಇನ್ನೊಬ್ಬರ ಕೈಗೆ ಬಂದೇ ಬರುತ್ತದೆ. ಅದಕ್ಕೇ ಎರಡೂ ಉತ್ತರ ಒಂದೇ. ನಿಮ್ಮದು ತಾಳೆಯಾಗದಿದ್ದರೆ ಮೊದಲು ಸಹಾಯಧನ ನೋಡಿ. ಕಳೆಯುವ ಬದಲು ಕೂಡಿಸಿದ್ದರೆ ಉತ್ತರ 2,040 ಬಂದಿರುತ್ತದೆ. ನಿಜವಾದ ದೇಶದ ಅಂಕಿಗಳು ಬೇರೆ ಬೇರೆ ಕಡೆಯಿಂದ ಬರುವುದರಿಂದ ಇಷ್ಟು ಸಲೀಸಾಗಿ ಹೊಂದುವುದಿಲ್ಲ. ಭಾರತದ ಅಧಿಕೃತ ಪಟ್ಟಿಯಲ್ಲೂ ‘ವ್ಯತ್ಯಾಸ’ ಎಂಬ ಸಾಲು ಇರುತ್ತದೆ.

ಮನೆಗೆಲಸ: ವಿದೇಶದಿಂದ ಬಂದ ನಿವ್ವಳ ಸಾಧನ ಆದಾಯ −20 ಕೋಟಿ ಆದರೆ ಒಟ್ಟು ರಾಷ್ಟ್ರೀಯ ಉತ್ಪನ್ನ ಎಷ್ಟು? (ಉತ್ತರ: 1,940 ಕೋಟಿ ರೂ.)