ಮೊದಲ ಗೆಜ್ಜೆ: ಬಾಲಗೋಪಾಲ ವೇಷದಲ್ಲಿ ನಾವಿಬ್ಬರು

ಫೋಟೋದಲ್ಲಿ ಬಲಗಡೆ ಇರುವ ಬಲರಾಮ ನಾನು. ಎಡಗಡೆಯ ಕೃಷ್ಣ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿ. ಹಗಲು ನಾನು ಅವಳಿಗೆ ಗಣಿತ ಹೇಳಿಕೊಡುವ ಟೀಚರ್. ಈ ನವರಾತ್ರಿಯಲ್ಲಿ ನಮ್ಮೂರ ಭಜನಾ ಮಂದಿರದ ಅಂಗಳದಲ್ಲಿ ಹಾಕಿದ ಯಕ್ಷಗಾನದ ರಂಗಸ್ಥಳಕ್ಕೆ ಇಬ್ಬರೂ ಒಟ್ಟಿಗೆ ಹತ್ತಿದೆವು. ಅವಳಿಗೂ ಮೊದಲ ವೇಷ, ನನಗೂ ಮೊದಲ ವೇಷ.

ಘಟ್ಟದ ಮೇಲಿನ ಗೆಳತಿಯರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ತೆಂಕುತಿಟ್ಟು ಎನ್ನುವ ನಮ್ಮ ಕಡೆಯ ಯಕ್ಷಗಾನ ಶೈಲಿಯಲ್ಲಿ ಪ್ರಸಂಗ ಶುರುವಾಗುವುದಕ್ಕೆ ಮುಂಚೆ ಪೂರ್ವರಂಗ ಅಂತ ಇದೆ. ಕೋಡಂಗಿ, ಬಾಲಗೋಪಾಲ, ಮುಖ್ಯ ಸ್ತ್ರೀವೇಷ, ಇವೆಲ್ಲ ಬರುವುದು ಆಗ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಇಲ್ಲಿಂದ ಶುರುಮಾಡಿ ಮೇಲೆ ಬರಬೇಕು ಎನ್ನುವುದು ಹಳೆಯ ಕ್ರಮ. ಬಾಲಗೋಪಾಲರಿಗೆ ಅರ್ಥ ಹೇಳುವ, ಅಂದರೆ ಮಾತಾಡುವ, ಕೆಲಸ ಇಲ್ಲ, ಕುಣಿಯುವುದಷ್ಟೆ. ನೋಡುವವರು ಇನ್ನೂ ಚಾಪೆ ಹಾಕಿಕೊಳ್ಳುತ್ತಿರುತ್ತಾರೆ, ಕೆಲವರು ಚಾ ಕುಡಿಯಲು ಹೋಗಿರುತ್ತಾರೆ. ಎದೆ ಹೊಡೆದುಕೊಳ್ಳುವವರಿಗೆ ಅಂತಲೇ ಹಿರಿಯರು ಬಿಟ್ಟುಕೊಟ್ಟ ಜಾಗ ಅದು ಎಂದು ಈಗ ನನಗೆ ಅನಿಸುತ್ತದೆ. ಕಾಲಮಿತಿಯ ಆಟಗಳಲ್ಲಿ ಪೂರ್ವರಂಗವನ್ನು ಮೊಟಕು ಮಾಡುತ್ತಾರೆ, ಎಷ್ಟೋ ಕಡೆ ಬಿಟ್ಟೇಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಹೆದರಿಕೊಂಡೇ ಕುಣಿಯಲು ಒಂದು ಜಾಗ ಇಲ್ಲದಿದ್ದರೆ ಹೊಸಬರು ನೇರವಾಗಿ ಅಭಿಮನ್ಯುವಾಗಿ ಚಕ್ರವ್ಯೂಹಕ್ಕೆ ನುಗ್ಗಬೇಕಾಗುತ್ತದೆ.

ನಮ್ಮ ಕ್ಲಾಸು ಶುರುವಾದದ್ದು ಪತ್ತನಾಜೆ ಕಳೆದ ಮೇಲೆ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದು ಆಗಲ್ಲವೇ, ನಮ್ಮ ಗುರುಗಳಿಗೆ ಬಿಡುವು ಸಿಗುವುದೂ ಆಗಲೇ. ಭಾನುವಾರ ಶಾಲೆಯ ಹಾಲ್‌ನಲ್ಲಿ ಅಭ್ಯಾಸ. ಮೊದಲು ಕುಣಿತವೇ ಇಲ್ಲ. ಕೂತುಕೊಂಡು ಕೈಯಲ್ಲಿ ತಾಳ ಹಾಕಬೇಕು, ಬಾಯಲ್ಲಿ ನಡೆ ಹೇಳಬೇಕು. ಏಕ, ಆದಿ, ರೂಪಕ, ಝಂಪೆ, ತ್ರಿವುಡೆ. ತ್ರಿವುಡೆಯ ಏಳು ಅಕ್ಷರವನ್ನು ಮೂರು ನಾಲ್ಕು ಅಂತ ಒಡೆದು ಎಣಿಸುತ್ತಿದ್ದೆ, ಗಣಿತದವಳಲ್ಲವೇ. ಗುರುಗಳು ಎಣಿಕೆ ಬಿಡಿಸಿದರು. "ಲೆಕ್ಕ ಮಾಡಿದರೆ ಕಾಲು ಹಿಂದೆ ಉಳಿಯುತ್ತದೆ ಟೀಚರ್, ಕೇಳಿ ಹೆಜ್ಜೆ ಹಾಕಿ." ಅವರು ವಯಸ್ಸಿನಲ್ಲಿ ನನ್ನ ತಂದೆಯಷ್ಟು ದೊಡ್ಡವರು, ಆದರೂ ನನ್ನನ್ನು ಕರೆಯುವುದು ಟೀಚರ್ ಅಂತಲೇ.

ಆಟಿ ತಿಂಗಳ ಮಳೆ ಹಾಲ್‌ನ ಶೀಟಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಆಗಲೂ ಅವರು ಕ್ಲಾಸು ನಿಲ್ಲಿಸಲಿಲ್ಲ. ಅವರ ತಾಳ ಕೇಳಿಸದಾಗ ನಾವು ಕಿವಿಗೊಟ್ಟು ಹುಡುಕಬೇಕು, ಸಿಗದಿದ್ದರೆ ಜೋಡಿಯವಳ ಕಾಲಿನ ಸದ್ದು ಹಿಡಿದುಕೊಳ್ಳಬೇಕು. ಎಷ್ಟು ಸಿಟ್ಟು ಬರುತ್ತಿತ್ತು ಎಂದರೆ, ಮನೆಗೆ ಬಂದು ಅಮ್ಮನ ಹತ್ತಿರ ಬೈದುಕೊಂಡದ್ದುಂಟು. ಸಂಜೆ ಮನೆಯ ಜಗಲಿಯಲ್ಲಿ ಒಬ್ಬಳೇ ಮಾಡುವಾಗ ಮಾತ್ರ ಎಲ್ಲ ಚಂದ ಬರುತ್ತಿತ್ತು. ಅಲ್ಲಿ ತಾಳ ಹೇಳುವವಳೂ ನಾನೇ, ಕುಣಿಯುವವಳೂ ನಾನೇ.

ಯಕ್ಷಗಾನದಲ್ಲಿ ಹಾಗೆ ನಡೆಯುವುದಿಲ್ಲ. ಪದ ಎತ್ತುವುದು ಭಾಗವತರು, ಕಾಲ ಏರಿಸುವುದು, ಇಳಿಸುವುದು, ಮುಕ್ತಾಯ ಕೊಡುವುದು ಎಲ್ಲ ಅವರ ಕೈಯಲ್ಲಿ. ಬಿಡ್ತಿಗೆಯ ಪೆಟ್ಟು ಯಾವಾಗ ಬೀಳುತ್ತದೆ ಎಂದು ಚೆಂಡೆ, ಮದ್ದಳೆಯವರಿಂದ ಕೇಳಿಸಿಕೊಂಡೇ ತಿಳಿಯಬೇಕು. ಎಷ್ಟು ಅಭ್ಯಾಸ ಮಾಡಿ ಹೋದರೂ ಆ ರಾತ್ರಿಯ ಹಾಡು ಆ ರಾತ್ರಿಯದ್ದೇ.

ಇನ್ನು ಭಯದ ಸಂಗತಿ. ಚೌಕಿಯಲ್ಲಿ ಗಣಪತಿಗೆ ಕೈಮುಗಿದು ಬಣ್ಣಕ್ಕೆ ಕುಳಿತೆವು. ಮುಖಕ್ಕೆ ಬಣ್ಣ ಬೀಳುವವರೆಗೆ ಏನೂ ಇರಲಿಲ್ಲ. ತಲೆಗೆ ಬಟ್ಟೆ ಬಿಗಿದು ಕಿರೀಟ ಕಟ್ಟಿದರು ನೋಡಿ, ಆಗ ಶುರುವಾಯಿತು. ಭುಜಕೀರ್ತಿ, ಎದೆಪದಕ, ಸೊಂಟದ ಕಟ್ಟು ಎಲ್ಲ ಬಿಗಿದಾದ ಮೇಲೆ ಉಸಿರು ಮೇಲೆಮೇಲೆ ಮಾತ್ರ ಆಡುತ್ತದೆ. ಬಾಯಿ ಒಣಗಿತು. ಬೆರಳ ತುದಿ ತಣ್ಣಗಾಯಿತು. ಹೆದರಿದಾಗ ದೇಹ ರಕ್ತವನ್ನು ದೊಡ್ಡ ಸ್ನಾಯುಗಳ ಕಡೆಗೆ ಕಳಿಸುತ್ತದೆ, ಅದಕ್ಕೇ ಕೈ ತಣ್ಣಗಾಗುವುದು ಎಂದು ವಿಜ್ಞಾನದ ಟೀಚರ್ ಒಮ್ಮೆ ಹೇಳಿದ್ದರು. ಹಾಗಿದ್ದರೆ ಕಾಲಿಗೆ ಬಲ ಬರುತ್ತಿದೆ ಎಂದುಕೊಂಡು ಕುಳಿತೆ. ಆ ಯೋಚನೆ ನಿಜಕ್ಕೂ ಉಪಕಾರಕ್ಕೆ ಬಂತು.

ಕೃಷ್ಣ ನನ್ನ ಕೈ ಹಿಡಿದು ಕೇಳಿದಳು, "ಟೀಚರೇ, ನಿಮಗೂ ಹೆದರಿಕೆ ಆಗ್ತದಾ?"

"ಆಗ್ತದೆ ಮಗಾ. ತುಂಬಾ ಆಗ್ತದೆ."

"ಹಾಗಾದ್ರೆ ಪರವಾಗಿಲ್ಲ" ಅಂದಳು. ಪರೀಕ್ಷೆಯ ದಿನ ಮಕ್ಕಳಿಗೆ ನಾನು "ಹೆದರಬೇಡಿ" ಎನ್ನುತ್ತಾ ಬಂದವಳು. ಇನ್ನು ಮೇಲೆ ಹಾಗನ್ನುವುದಿಲ್ಲ, "ನನಗೂ ಆಗುತ್ತಿತ್ತು" ಎನ್ನುತ್ತೇನೆ.

ತೆರೆ ಸರಿದಾಗ ನನಗೆ ಗೊತ್ತಾದದ್ದು, ಭಯಕ್ಕೆ ಮೊದಲು ಮುಚ್ಚಿಕೊಳ್ಳುವುದು ಕಿವಿ ಎಂಬುದು. ಕಣ್ಣಿಗೆ ಲೈಟು ಕಾಣುತ್ತಿತ್ತು, ಮುಂದಿನ ಸಾಲಿನ ಅಜ್ಜಂದಿರ ಮುಖ ಕಾಣುತ್ತಿತ್ತು, ಆದರೆ ಪದ ಎಲ್ಲೋ ದೂರ. ನನ್ನ ಎದೆಬಡಿತವೇ ಚೆಂಡೆಗಿಂತ ಜೋರು. ಎದೆಯ ಕಾಲ ಹಿಡಿದು ಹೆಜ್ಜೆ ಹಾಕಿದರೆ ಹಿಮ್ಮೇಳವನ್ನು ಬಿಟ್ಟು ಮುಂದೆ ಓಡಿಬಿಡುತ್ತೇವೆ. ಹೊಸಬರ ಕುಣಿತ ರಂಗಸ್ಥಳದಲ್ಲಿ ದುಡುಕುವುದು ಹೀಗೆಯೇ ಇರಬೇಕು. ಆಗ ಆಟಿಯ ಅಭ್ಯಾಸ ಕೈಹಿಡಿಯಿತು. ಕೇಳಿಸದಿದ್ದರೆ ಹುಡುಕು, ಸಿಗದಿದ್ದರೆ ಜೋಡಿಯವಳ ಗೆಜ್ಜೆ ಹಿಡಿ. ಅವಳ ಗೆಜ್ಜೆ ಹಿಡಿದೆ. ಅದರ ಹಿಂದೆಯೇ ಚಕ್ರತಾಳ ಸಿಕ್ಕಿತು, ಆಮೇಲೆ ಮದ್ದಳೆ, ಆಮೇಲೆ ಭಾಗವತರ ದನಿ ಸ್ಪಷ್ಟವಾಗಿ ಕಿವಿಗೆ ಬಿತ್ತು. ಅಲ್ಲಿಂದ ಮುಕ್ತಾಯದವರೆಗೆ ಕುಣಿದದ್ದು ನನಗೆ ಪೂರ್ತಿ ನೆನಪಿದೆ, ಪ್ರತಿ ಹೆಜ್ಜೆಯೂ. ಭಯ ಹೋಗಿರಲಿಲ್ಲ. ಅದರ ಪಾಡಿಗೆ ಅದು ಇತ್ತು, ನಾನು ಪದ ಕೇಳುತ್ತಿದ್ದೆ.

ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ರಾಜ್ಯ ಬೇರೆಯಾಯಿತು, ಕಚೇರಿಯ ಭಾಷೆ ಬೇರೆಯಾಯಿತು, ಆದರೆ ಆಟಕ್ಕೆ ಕೂತವರಲ್ಲಿ ಮನೆಯಲ್ಲಿ ತುಳು, ಮಲಯಾಳ, ಮರಾಠಿ, ಕೊಂಕಣಿ ಮಾತಾಡುವವರೆಲ್ಲ ಇರುತ್ತಾರೆ, ಎಲ್ಲರೂ ಕೇಳುವುದು ಕನ್ನಡದ ಪದವನ್ನು. ನಮ್ಮ ಮಕ್ಕಳು ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಕುಣಿಯುತ್ತಾರೆ. ಪಠ್ಯಪುಸ್ತಕ ಹಿಡಿದು ಕನ್ನಡ ಉಳಿಸುವ ಕೆಲಸ ನಾನು ದಿನಾ ಮಾಡುತ್ತೇನೆ, ಅದು ದೊಡ್ಡದೇ. ಆದರೆ ಆ ರಾತ್ರಿ ಕನ್ನಡ ನನ್ನ ಕಾಲಿನಲ್ಲಿತ್ತು. ಅದರ ಖುಷಿಯೇ ಬೇರೆ.

ಗುರುಗಳಿಗೆ, ಭಾಗವತರಿಗೆ, ಚೆಂಡೆ ಮದ್ದಳೆಯವರಿಗೆ, ಕಿರೀಟ ನೋಯದ ಹಾಗೆ ಕಟ್ಟಿಕೊಟ್ಟ ವೇಷಭೂಷಣದ ಅಣ್ಣನಿಗೆ, ಮಗುವನ್ನು ನೋಡಿಕೊಂಡು ಮೊದಲ ಸಾಲಿನಲ್ಲೇ ಕೂತಿದ್ದ ಮನೆಯವರಿಗೆ ನಮಸ್ಕಾರ. ಕೃಷ್ಣನ ಅಮ್ಮ ಬೀಡಿ ಕಟ್ಟಿನ ಕೆಲಸ ಬದಿಗಿಟ್ಟು ಪ್ರತಿ ಭಾನುವಾರ ಮಗಳನ್ನು ಕರೆತಂದರು. ಅವರಿಗೆ ವಿಶೇಷ ನಮಸ್ಕಾರ.

ಭಾನುವಾರದ ಕ್ಲಾಸು ಮುಂದುವರಿಯುತ್ತದೆ. ಮುಂದಿನ ಪಾಠ ಒಡ್ಡೋಲಗ. ಊರಿನ ಹೆಂಗಸರು ಯಾರಾದರೂ ಬರುವುದಾದರೆ ಬನ್ನಿ, ವಯಸ್ಸು ನೋಡಬೇಡಿ. ಮತ್ತೆ, ಬಾಲಗೋಪಾಲದ ವಿಡಿಯೋ ಯಾರ ಫೋನಿನಲ್ಲಾದರೂ ಇದ್ದರೆ ಕಳಿಸಿ. ನಮ್ಮವರು ಕೈ ನಡುಗಿ ರೆಕಾರ್ಡ್ ಒತ್ತಲಿಲ್ಲವಂತೆ.

#ಬಾಲಗೋಪಾಲ #ತೆಂಕುತಿಟ್ಟು #ಮೊದಲಗೆಜ್ಜೆ #ಕಾಸರಗೋಡು